ಓಇಟಿ ಸ್ಪೀಕಿಂಗ್: 320ರಿಂದ 380ಕ್ಕೆ, ನಡುವೆ ಸೇಡಂನ ಮಾಮ

ನರ್ಸ್, ಡಾಕ್ಟರುಗಳಂಥ ಆರೋಗ್ಯ ಸೇವೆಯವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಓಇಟಿಯನ್ನು ಮೊದಲ ಸಲ ಬರೆದಾಗ ನನಗೆ ಲಿಸನಿಂಗ್‌ನಲ್ಲಿ 370, ರೀಡಿಂಗ್‌ನಲ್ಲಿ 360, ರೈಟಿಂಗ್‌ನಲ್ಲಿ 320 ಬಂದಿತ್ತು. ಸ್ಪೀಕಿಂಗ್‌ನಲ್ಲೂ 320. ಇಂಗ್ಲೆಂಡಿನಲ್ಲಿ ನರ್ಸ್ ಆಗಿ ಹೆಸರು ನೋಂದಾಯಿಸಲು ರೈಟಿಂಗ್‌ಗೆ 300 ಸಾಕು, ಉಳಿದ ಮೂರಕ್ಕೂ 350 ಬೇಕು. ಹಾಗಾಗಿ ನಾನು ಬಿದ್ದದ್ದು ಮಾತಿನಲ್ಲಿ. ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಆರು ವರ್ಷ ದಿನವಿಡೀ ಮಾತಾಡಿಯೇ ಬದುಕಿದವಳಿಗೆ ಇದು ಅವಮಾನದ ಹಾಗೆ ಕಂಡಿತು.

ಫಲಿತಾಂಶದ ಹಾಳೆಯಲ್ಲಿ ಬರೀ ಅಂಕ ಇರುತ್ತದೆ, ಎಲ್ಲಿ ತಪ್ಪಿದೆವು ಅಂತ ಇರುವುದಿಲ್ಲ. ನಾನು ನನ್ನ ಉಚ್ಚಾರಣೆಯನ್ನೇ ದೂರಿದೆ. ನಮ್ಮ ಕಡೆ ‘ಸ್ಟೇಶನ್’ ಅನ್ನುವುದು ‘ಇಸ್ಟೇಶನ್’ ಆಗುತ್ತದಲ್ಲ, ಅದೇ ಕಾರಣ ಅಂದುಕೊಂಡು ಎರಡು ತಿಂಗಳು ಕನ್ನಡಿ ಮುಂದೆ ನಿಂತೆ. ಆ ಎರಡು ತಿಂಗಳು ದಂಡ. ಪರೀಕ್ಷಕರಿಗೆ ನಮ್ಮ ಧಾಟಿ ತೊಂದರೆಯಲ್ಲ, ಹೇಳಿದ್ದು ಕೇಳುವವರಿಗೆ ತಿಳಿಯಬೇಕು, ಅಷ್ಟೇ.

ಪರೀಕ್ಷೆ ಹೇಗಿರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಒಟ್ಟು ಸುಮಾರು 20 ನಿಮಿಷ. ಆರಂಭದ ಪರಿಚಯದ ಮಾತಿಗೆ ಅಂಕವಿಲ್ಲ. ಆಮೇಲೆ ಎರಡು ರೋಲ್ ಪ್ಲೇ. ಒಂದೊಂದಕ್ಕೂ ಒಂದು ಕಾರ್ಡ್ ಕೊಡುತ್ತಾರೆ, ಓದಿಕೊಳ್ಳಲು 3 ನಿಮಿಷ, ಮಾತಾಡಲು ಸುಮಾರು 5 ನಿಮಿಷ. ಕಾರ್ಡಿನಲ್ಲಿ ಜಾಗ ಯಾವುದು, ರೋಗಿ ಯಾರು, ನೀವು ಮಾಡಬೇಕಾದ ಕೆಲಸಗಳೇನು ಅಂತ ಬರೆದಿರುತ್ತದೆ. ನೀವು ನರ್ಸ್, ಎದುರಿಗಿರುವವರು ರೋಗಿ ಅಥವಾ ರೋಗಿಯ ಮನೆಯವರು. ಅವರು ಅಂಕ ಹಾಕುವುದಿಲ್ಲ. ಮಾತು ರೆಕಾರ್ಡ್ ಆಗಿ ಬೇರೆ ಪರೀಕ್ಷಕರ ಕೈಗೆ ಹೋಗುತ್ತದೆ. ಡಾಕ್ಟರುಗಳಿಗೂ ಇದೇ ರೂಪ, ಕಾರ್ಡ್ ಮಾತ್ರ ಅವರ ಕೆಲಸದ್ದು. ಐಇಎಲ್‌ಟಿಎಸ್ ಬರೆದ ನನ್ನ ಗೆಳತಿಗೆ ಸಾಮಾನ್ಯ ವಿಷಯ ಕೊಟ್ಟು ಎರಡು ನಿಮಿಷ ಒಬ್ಬಳೇ ಮಾತಾಡು ಅಂದಿದ್ದರಂತೆ. ಓಇಟಿಯಲ್ಲಿ ಒಬ್ಬಳೇ ಮಾತಾಡಿದರೆ ಅದೇ ತಪ್ಪು. ಅದು ನನಗೆ ಗೊತ್ತಾದದ್ದು ತಡವಾಗಿ.

ಪರೀಕ್ಷೆಯಲ್ಲಿ ಬಂದ ಕಾರ್ಡನ್ನು ಹೊರಗೆ ಹೇಳುವಂತಿಲ್ಲ. ಹಾಗಾಗಿ ನಾವೇ ಮಾಡಿಕೊಂಡ ಒಂದು ಕಾರ್ಡಿನ ಕಥೆ ಹೇಳುತ್ತೇನೆ. ಬೀದರಿನ ನನ್ನ ಗೆಳತಿಯೊಬ್ಬಳು, ಓಇಟಿ ಪಾಸಾಗಿ ಹೋದವಳು, ವಾಟ್ಸ್‌ಆ್ಯಪ್ ಕರೆಯಲ್ಲಿ ರೋಗಿಯಾಗಲು ಒಪ್ಪಿದ್ದಳು. ಕಾರ್ಡು ಇದು: ರೋಗಿಗೆ 56 ವರ್ಷ, ಹತ್ತು ವರ್ಷದಿಂದ ಟೈಪ್ 2 ಡಯಾಬಿಟಿಸ್, ಗುಳಿಗೆಯಿಂದ ಶುಗರ್ ಇಳಿಯುತ್ತಿಲ್ಲ, ಡಾಕ್ಟರ್ ಇನ್ಸುಲಿನ್ ಶುರು ಮಾಡಲು ಹೇಳಿದ್ದಾರೆ, ರೋಗಿಗೆ ಮನಸ್ಸಿಲ್ಲ. ಕೆಲಸಗಳು ನಾಲ್ಕು. ಯಾಕೆ ಮನಸ್ಸಿಲ್ಲ ಅಂತ ತಿಳಿದುಕೊಳ್ಳುವುದು, ಇನ್ಸುಲಿನ್ ಯಾಕೆ ಬೇಕು ಅಂತ ಹೇಳುವುದು, ಶುಗರ್ ಕೆಳಗಿಳಿದರೆ ಹೇಗೆ ಗೊತ್ತಾಗುತ್ತದೆ ಅಂತ ತಿಳಿಸುವುದು, ಮುಂದಿನ ವಾರ ಬರಲು ಒಪ್ಪಿಸುವುದು.

ನಾನು ಮಾತಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ರಾತ್ರಿ ಕೇಳಿದೆ. ನಾಲ್ಕೂ ಕೆಲಸ 2 ನಿಮಿಷ 40 ಸೆಕೆಂಡಿಗೆ ಮುಗಿದಿದ್ದವು. ‘ವೈ ಆರ್ ಯು ನಾಟ್ ವಿಲ್ಲಿಂಗ್?’ ಅಂತ ಕೇಳಿದ್ದೆ, ಅವಳು ‘ಐ ಡೋಂಟ್ ಲೈಕ್ ನೀಡಲ್ಸ್’ ಅಂದಳು, ನಾನು ‘ಡೋಂಟ್ ವರಿ, ಇಟ್ ವಿಲ್ ನಾಟ್ ಪೇನ್’ ಅಂದವಳೇ ಮುಂದಿನ ಸಾಲಿಗೆ ಹಾರಿದ್ದೆ. ‘ಪೇನ್’ ಅಲ್ಲ ‘ಹರ್ಟ್’ ಅನ್ನಬೇಕಿತ್ತು, ಅದು ವ್ಯಾಕರಣದ ತಪ್ಪು. ಅದಕ್ಕಿಂತ ದೊಡ್ಡದು ಬೇರೆಯಿತ್ತು. ಅಷ್ಟು ಹೊತ್ತಿನಲ್ಲಿ ರೋಗಿ ಮಾತಾಡಿದ್ದು ಹದಿನೈದು ಸೆಕೆಂಡು. ಗೆಳತಿ ನಗುತ್ತ ಹೇಳಿದಳು, ‘ನೀ ಡಿಸ್ಚಾರ್ಜ್ ಚೀಟಿ ಓದಿದಂಗ ಓದ್ದಿ ನೋಡು. ನಾ ಏನ್ ಅಂದ್ನಿ ಅಂತ ಕೇಳೇ ಇಲ್ಲ.’

ವಾರ್ಡಿನಲ್ಲಿ ನಾವು ಮಾತಾಡುವುದೇ ಹಾಗೆ. ರಾತ್ರಿ ಪಾಳಿಯಲ್ಲಿ ಒಬ್ಬಳಿಗೆ ಇಪ್ಪತ್ತೈದು ಹಾಸಿಗೆ. ಸಲಾಯಿನ್ ಮುಗಿದ ಕಡೆ ಓಡಬೇಕು. ‘ಏನೂ ಆಗಂಗಿಲ್ರಿ, ಗುಳಿಗಿ ತಗೋರಿ, ಮಲಗ್ರಿ’ ಅಂದರೆ ಕೆಲಸ ಆಯಿತು. ಅದೂ ರೋಗಿಗಲ್ಲ, ಪಕ್ಕದಲ್ಲಿ ನಿಂತ ಮಗನಿಗೆ ಹೇಳುತ್ತೇವೆ. ಇದು ಕೆಟ್ಟ ನರ್ಸಿಂಗ್ ಅಂತ ನಾನು ಹೇಳಲಾರೆ. ಅಲ್ಲಿ ಅಷ್ಟೇ ಸಾಧ್ಯ. ಆದರೆ 2018ರ ಸೆಪ್ಟೆಂಬರಿನಿಂದ ಓಇಟಿ ಸ್ಪೀಕಿಂಗ್‌ನಲ್ಲಿ ಭಾಷೆಯ ನಾಲ್ಕು ಅಳತೆಗಳ ಜೊತೆಗೆ ರೋಗಿಯ ಜೊತೆ ಮಾತಾಡುವ ರೀತಿಗೂ ಐದು ಅಳತೆಗಳಿವೆ: ನಂಟು ಬೆಳೆಸಿದೆಯಾ, ರೋಗಿಗೆ ಅನ್ನಿಸಿದ್ದನ್ನು ಹಿಡಿದೆಯಾ, ಮಾತಿಗೆ ಒಂದು ಕ್ರಮವಿತ್ತಾ, ಸರಿಯಾಗಿ ಕೇಳಿ ತಿಳಿದುಕೊಂಡೆಯಾ, ಅರ್ಥವಾಗುವ ಹಾಗೆ ಹೇಳಿದೆಯಾ. ನನ್ನ ವಾರ್ಡಿನ ಅಭ್ಯಾಸ ಈ ಐದರಲ್ಲೂ ನನ್ನನ್ನು ಕೆಳಗೆ ಎಳೆಯುತ್ತಿತ್ತು. ಅವರು ವೈದ್ಯಕೀಯ ಜ್ಞಾನ ಅಳೆಯುವುದಿಲ್ಲ. ನಾನೋ, ಗೊತ್ತಿರುವುದನ್ನೆಲ್ಲ ಸುರಿಯುತ್ತಿದ್ದೆ.

ಆ ಅಮಾವಾಸ್ಯೆಗೆ ಸೇಡಂ ಹತ್ತಿರದ ನಮ್ಮ ಸೋದರಮಾವನ ಊರಿಗೆ ಹೋಗಿದ್ದೆ. ಮಾಮನಿಗೂ ಶುಗರ್. ಇನ್ಸುಲಿನ್ ಬರೆದುಕೊಟ್ಟು ಎರಡು ವರ್ಷವಾದರೂ ತಗೊಂಡಿರಲಿಲ್ಲ. ಹೋದಾಗಲೆಲ್ಲ ನಾನು ಭಾಷಣ ಮಾಡುತ್ತಿದ್ದೆ, ಅವರು ಹೂಂಗುಟ್ಟುತ್ತಿದ್ದರು. ಈ ಸಲ ಪರೀಕ್ಷೆಯ ಗುಂಗಿನಲ್ಲಿದ್ದ ಕಾರಣಕ್ಕೆ, ಕಟ್ಟೆಯ ಮೇಲೆ ಕೂತು ಸುಮ್ಮನೆ ಕೇಳಿದೆ:

‘ಮಾಮಾ, ಆ ಸೂಜಿ ಅಂದ್ರ ನಿಮಗ ಏನ್ ಅನಸ್ತದರಿ?’

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಅದೇ ಕಷ್ಟವಾದದ್ದು. ಆಮೇಲೆ ಅಂದರು, ‘ನಮ್ಮ ಅಣ್ಣಗ ಸೂಜಿ ಚಾಲೂ ಮಾಡಿದ್ರು. ಆರು ತಿಂಗಳಿಗೆ ಕಾಲು ತಗದ್ರು. ಸೂಜಿ ಬಂತಂದ್ರ ಕಾಲು ಹೋಗ್ತದ ಬೇ ಯವ್ವಾ.’

ಆರು ವರ್ಷದ ಅನುಭವವಿದ್ದ ನನಗೆ ಇದು ಗೊತ್ತೇ ಇರಲಿಲ್ಲ. ನಾನು ಎರಡು ವರ್ಷ ನೋವಾಗುವುದಿಲ್ಲ, ನೋವಾಗುವುದಿಲ್ಲ ಅನ್ನುತ್ತಿದ್ದೆ. ಅವರು ನೋವಿಗೆ ಹೆದರಿರಲೇ ಇಲ್ಲ. ದೊಡ್ಡ ಮಾಮನಿಗೆ ಹಲವು ವರ್ಷ ಶುಗರ್ ಜಾಸ್ತಿಯೇ ಇದ್ದು ಕಾಲಿನ ನರ, ರಕ್ತನಾಳ ಹಾಳಾಗಿದ್ದವು, ಗಾಯ ಆದದ್ದೇ ಗೊತ್ತಾಗಿರಲಿಲ್ಲ, ಇನ್ಸುಲಿನ್ ಬಂದದ್ದು ತೀರ ಕೊನೆಗೆ. ಇದನ್ನು ಹೇಳಲು ಎರಡು ನಿಮಿಷ ಸಾಕಾಯಿತು. ಆ ಎರಡು ನಿಮಿಷಕ್ಕೆ ದಾರಿ ಮಾಡಿಕೊಟ್ಟದ್ದು ಆ ಒಂದು ಪ್ರಶ್ನೆ.

ಕಲಬುರಗಿಗೆ ಬಂದು ಗೆಳತಿಗೆ ಹೇಳಿದೆ. ಅವಳು ಅಭ್ಯಾಸದ ನಿಯಮವನ್ನೇ ಬದಲಿಸಿದಳು. ಪ್ರತಿ ಕಾರ್ಡಿಗೂ ನನಗೆ ತೋರಿಸದೆ ಒಂದು ಚೀಟಿಯಲ್ಲಿ ರೋಗಿಯ ಒಳಗಿನ ಹೆದರಿಕೆ ಬರೆದಿಟ್ಟುಕೊಳ್ಳುವಳು. ಮೊದಲ ಉತ್ತರದಲ್ಲಿ ಅದನ್ನು ಹೇಳುವುದಿಲ್ಲ, ಬರೀ ಸುಳಿವು ಕೊಡುತ್ತಾಳೆ. ನಾನು ಆ ಸುಳಿವು ಹಿಡಿದು ಇನ್ನೊಂದು ಪ್ರಶ್ನೆ ಕೇಳಿದರೆ ಮಾತ್ರ ಹೊರಗೆ ಬರುತ್ತದೆ. ಮೊದಲ ವಾರ ಹತ್ತು ಕಾರ್ಡಿನಲ್ಲಿ ಮೂರು ಚೀಟಿ ಸಿಕ್ಕವು. ಸಿಗದಿದ್ದ ಕಡೆ ಪ್ರತಿ ಸಲವೂ ಕಾರಣ ಒಂದೇ: ರೋಗಿ ಮಾತಾಡುವಾಗ ನನ್ನ ಕಣ್ಣು ಕಾರ್ಡಿನ ಮುಂದಿನ ಸಾಲಿನ ಮೇಲಿರುತ್ತಿತ್ತು.

ಅದೇ ಇನ್ಸುಲಿನ್ ಕಾರ್ಡನ್ನು ಒಂದು ತಿಂಗಳ ಮೇಲೆ ಮತ್ತೆ ಮಾಡಿದೆವು. ಆ ರೆಕಾರ್ಡಿಂಗ್ ಇನ್ನೂ ಇದೆ. ಹೆಸರು ಹೇಳಿ, ಹೇಗೆ ಕರೆಯಲಿ ಅಂತ ಕೇಳಿ, ‘ಟೆಲ್ ಮಿ ಹೌ ಯು ಫೀಲ್ ಅಬೌಟ್ ಸ್ಟಾರ್ಟಿಂಗ್ ಇನ್ಸುಲಿನ್’ ಅಂದೆ. ಅವಳು, ಸೂಜಿ ಇಷ್ಟವಿಲ್ಲ, ಈ ಸೂಜಿಗಳು ಏನು ಮಾಡುತ್ತವೆ ಅಂತ ನೋಡಿದ್ದೀನಿ ಅಂದಳು. ಆ ‘ನೋಡಿದ್ದೀನಿ’ ಸುಳಿವು. ‘ಯು ಸೆಡ್ ಯುವ್ ಸೀನ್ ವಾಟ್ ದೇ ಡೂ. ವಾಟ್ ಡಿಡ್ ಯು ಸೀ?’ ಅಂತ ಅವಳ ಮಾತನ್ನೇ ತಿರುಗಿಸಿ ಕೇಳಿದೆ. ಆಗ ಅಣ್ಣನ ಕಾಲಿನ ಕಥೆ ಬಂತು. ಚೀಟಿಯಲ್ಲಿ ನನ್ನ ಮಾಮನನ್ನೇ ಬರೆದಿದ್ದಳು, ಕಳ್ಳಿ. ಇಷ್ಟಕ್ಕೇ ಒಂದೂವರೆ ನಿಮಿಷ ಹೋಗಿತ್ತು. ಮೊದಲಿನ ನಾನಾಗಿದ್ದರೆ ಗಾಬರಿಯಾಗುತ್ತಿದ್ದೆ.

ಆಮೇಲೆ ‘ಡೋಂಟ್ ವರಿ’ ಅನ್ನಲಿಲ್ಲ. ಅಣ್ಣನಿಗೆ ಹಾಗಾದದ್ದನ್ನು ನೋಡಿದವರಿಗೆ ಹೆದರಿಕೆ ಸಹಜ ಅಂದು, ಎರಡು ವಿಷಯ ಹೇಳುತ್ತೇನೆ, ಮೊದಲು ಅಣ್ಣನ ಕಾಲಿನದ್ದು, ಆಮೇಲೆ ಮನೆಯಲ್ಲಿ ಏನು ಗಮನಿಸಬೇಕು ಅನ್ನುವುದು, ಅಂದೆ. ಮಾತಿಗೆ ಕ್ರಮ ಅಂದರೆ ಇಷ್ಟೇ, ಮುಂದೆ ಏನು ಬರುತ್ತದೆ ಅಂತ ಮೊದಲೇ ಹೇಳುವುದು. ಕಾಲಿನ ವಿಷಯ ಮೂರು ಸಣ್ಣ ವಾಕ್ಯದಲ್ಲಿ ಮುಗಿಸಿ ನಿಲ್ಲಿಸಿ, ನಿಮ್ಮ ಅಣ್ಣನಿಗೆ ಆದದ್ದಕ್ಕೂ ಇದಕ್ಕೂ ತಾಳೆಯಾಗುತ್ತದಾ ಅಂತ ಕೇಳಿದೆ. ‘ಹೈಪೋಗ್ಲೈಸೀಮಿಯಾ’ ಬಿಟ್ಟು ‘ಲೋ ಬ್ಲಡ್ ಶುಗರ್’ ಅಂದೆ. ನಡುಕ, ಬೆವರು, ಹಸಿವು ಅಂತ ಹೇಳಿ, ಹಾಗಾದರೆ ಮೊದಲು ಏನು ಮಾಡುತ್ತೀರಿ, ನೀವೇ ಹೇಳಿ ನೋಡೋಣ ಅಂದೆ. ಅರ್ಥವಾಯಿತಾ ಅಂತ ಕೇಳಿದರೆ ಯಾರೇ ಆದರೂ ಹೌದು ಅನ್ನುತ್ತಾರೆ, ನಮ್ಮ ಮಾಮನ ಹೂಂಕಾರದ ಹಾಗೆ. ಮುಂದಿನ ವಾರದ ಮಾತು ಅರ್ಧದಲ್ಲಿರುವಾಗ 5 ನಿಮಿಷವಾಯಿತು. ಅದರಿಂದ ನಷ್ಟವಿಲ್ಲ. ಎಲ್ಲ ಸಾಲನ್ನೂ ಮುಗಿಸಲೇಬೇಕೆಂಬ ನಿಯಮವಿಲ್ಲ.

ನಡುವೆ ಇನ್ನೊಂದು ಹೊಂಡಕ್ಕೂ ಬಿದ್ದಿದ್ದೆ. ನಾನು ಹೋಗುತ್ತಿದ್ದ ಕೋಚಿಂಗ್‌ನಲ್ಲಿ ನಲವತ್ತು ವಾಕ್ಯ ಬಾಯಿಪಾಠ ಮಾಡಿಸಿದ್ದರು. ಅದರಲ್ಲಿ ‘ಐ ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್’ ಒಂದು. ಒಂದು ರೆಕಾರ್ಡಿಂಗ್‌ನಲ್ಲಿ ಅದನ್ನು ಐದು ಸಲ ಅಂದಿದ್ದೆ, ಅದರಲ್ಲಿ ಒಂದು ಸಲ ರೋಗಿ ಕಾರ್ ಪಾರ್ಕಿಂಗ್ ಎಲ್ಲಿ ಅಂತ ಕೇಳಿದಾಗ. ಆ ವಾಕ್ಯವನ್ನೇ ಕೈಬಿಟ್ಟೆ. ಅದರ ಬದಲು ರೋಗಿ ಬಳಸಿದ ಒಂದು ಪದವನ್ನು ನನ್ನ ಮಾತಿನಲ್ಲಿ ತರಬೇಕು ಅಂತ ನಿಯಮ ಹಾಕಿಕೊಂಡೆ. ಕೇಳಿಸಿಕೊಳ್ಳದೆ ಅದನ್ನು ಮಾಡಲು ಬರುವುದಿಲ್ಲ. ಪದಗಳಲ್ಲಿ ತಿದ್ದಿಕೊಂಡದ್ದು ಕೆಲವೇ: ‘ಲೂಸ್ ಮೋಶನ್’ ಬಿಟ್ಟು ‘ಡಯರಿಯಾ’, ‘ಗಿಡ್ಡಿನೆಸ್’ ಬಿಟ್ಟು ‘ಫೀಲಿಂಗ್ ಡಿಝಿ’, ಸತ್ತವರ ಬಗ್ಗೆ ‘ಎಕ್ಸ್‌ಪೈರ್ಡ್’ ಬಿಟ್ಟು ‘ಪಾಸ್ಡ್ ಅವೇ’.

ಎರಡನೇ ಸಲಕ್ಕೆ ಹಿಂದಿನ ದಿನವೇ ರೈಲು ಹತ್ತಿ ಹೈದರಾಬಾದಿಗೆ ಹೋದೆ. ಓದಿಕೊಳ್ಳುವ 3 ನಿಮಿಷದಲ್ಲಿ ಉತ್ತರಗಳನ್ನು ಬರೆದುಕೊಳ್ಳಲಿಲ್ಲ. ಈ ಮನುಷ್ಯ ಯಾವುದಕ್ಕೆ ಹೆದರಿರಬಹುದು ಅಂತ ಎರಡು ಊಹೆ, ಮೊದಲ ಪ್ರಶ್ನೆ ಒಂದು, ಅಷ್ಟೇ ಗೀಚಿಕೊಂಡೆ. ಮೊದಲ ಕಾರ್ಡಿನಲ್ಲಿ ನನ್ನ ಎರಡೂ ಊಹೆ ತಪ್ಪಿದವು. ಪ್ರಶ್ನೆ ಮಾತ್ರ ಕೆಲಸ ಮಾಡಿತು. ಎರಡನೆಯದರಲ್ಲಿ ಕಾಲವಾಚಕಗಳು ಎಡವಿದವು, ಒಂದು ವಾಕ್ಯ ನಡುವೆ ನಿಂತೇಹೋಯಿತು, ತಿದ್ದಿಕೊಂಡು ಮುಂದುವರಿದೆ. ಸ್ಪೀಕಿಂಗ್ 380 ಬಂತು.

ಮಾಮ ಈಗ ಇನ್ಸುಲಿನ್ ತಗೊಳ್ಳುತ್ತಾರೆ. ತಾವೇ ಚುಚ್ಚಿಕೊಳ್ಳಲು ಇನ್ನೂ ಒಪ್ಪಿಲ್ಲ, ದಿನಾ ಸಂಜೆ ಅತ್ತಿಯೇ ಹಾಕುತ್ತಾರೆ. ಯಾಕೆ ಅಂತ ಕೇಳಿದ್ದೇನೆ, ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.