ಇಂಟರ್ನ್‌ಶಿಪ್ ವರದಿಯ ಮೊದಲೆರಡು ಪುಟ: ಕೃತಜ್ಞತೆ, ಸಾರಾಂಶ ಬರೆಯುವುದು ಹೇಗೆ?

ಇಂಟರ್ನ್‌ಶಿಪ್ ಮುಗಿಸಿ ಬಂದ ವಿದ್ಯಾರ್ಥಿಗಳು ವರದಿಯ ಅಧ್ಯಾಯಗಳನ್ನು ಹೇಗೋ ಬರೆದುಬಿಡುತ್ತಾರೆ. ತಡವರಿಸುವುದು ಕೃತಜ್ಞತಾ ಪುಟ ಮತ್ತು ಸಾರಾಂಶದ ಹತ್ತಿರ. ಕೊನೆಗೆ ಸೀನಿಯರ್ ಒಬ್ಬರ ವರದಿ ತರಿಸಿಕೊಂಡು ಹೆಸರು ಬದಲಿಸಿ ಹಾಕುತ್ತಾರೆ. ಹೋದ ವರ್ಷ ವರ್ಗವಾಗಿ ಹೋದ ಪ್ರಾಂಶುಪಾಲರಿಗೆ ಈ ವರ್ಷವೂ ಧನ್ಯವಾದ ಸಲ್ಲುವುದು ಹೀಗೇ.

ಮಾದರಿಗೆ ಒಂದು ಕೇಸ್ ಇಟ್ಟುಕೊಳ್ಳೋಣ. ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ, ಅಂದರೆ ನಮ್ಮ ಮಾತಿನ ಡೇರಿಯಲ್ಲಿ, ಆರು ವಾರ ಇಂಟರ್ನ್‌ಶಿಪ್ ಮಾಡಿದಳು ಎಂದುಕೊಳ್ಳಿ. ಸದಸ್ಯರಿಂದ ಕೊಂಡ ಹಾಲಿನ ಲೆಕ್ಕವನ್ನೂ, ಊರಲ್ಲೇ ಮಾರಿ ಉಳಿದದ್ದನ್ನು ಹಾಲು ಒಕ್ಕೂಟಕ್ಕೆ ಕಳಿಸಿದ ಲೆಕ್ಕವನ್ನೂ ತಾಳೆ ನೋಡುವುದು ಅವಳ ಕೆಲಸ. ಹುಡುಗಿಯೂ ಕಲ್ಪನೆ, ಅಂಕಿಗಳೂ ಉದಾಹರಣೆಗಷ್ಟೇ.

ಮೊದಲು ಸಾರಾಂಶ, ಅದೂ ಎಲ್ಲ ಮುಗಿದ ಮೇಲೆ

ಪುಟಗಳ ಕ್ರಮದಲ್ಲಿ ಸಾರಾಂಶ ಮುಂದಿದ್ದರೂ ಬರೆಯುವುದು ಕೊನೆಯಲ್ಲಿ. ಕೊನೆಯ ಅಧ್ಯಾಯ ಮುಗಿಯುವವರೆಗೆ ಏನು ಕಂಡುಬಂತು ಎಂಬುದೇ ಗಟ್ಟಿಯಾಗಿರುವುದಿಲ್ಲ. ಮುಂಚೆಯೇ ಬರೆದರೆ ಅದು ಇಂಟರ್ನ್‌ಶಿಪ್‌ಗೆ ಹೋಗುವ ಮೊದಲು ಕೊಟ್ಟ ಪ್ರಸ್ತಾವನೆಯ ನಕಲಾಗುತ್ತದೆ. "ಪರಿಶೀಲಿಸಲಾಗುವುದು", "ಅಧ್ಯಯನ ಮಾಡಲಾಗುವುದು" ಎಂಬ ಮಾತುಗಳು ಉಳಿದುಬಿಡುತ್ತವೆ. ಕೆಲಸ ಮುಗಿದಿದೆ ಅಲ್ವಾ? ಕ್ರಿಯಾಪದಗಳೂ ಮುಗಿದ ಕೆಲಸವನ್ನೇ ಹೇಳಬೇಕು.

ಜಾಸ್ತಿ ಕಾಣಸಿಗುವ ಸಾರಾಂಶ ಹೀಗಿರುತ್ತದೆ:

"ಹೈನುಗಾರಿಕೆ ನಮ್ಮ ಗ್ರಾಮೀಣ ಬದುಕಿನ ಬೆನ್ನೆಲುಬು. ಸಹಕಾರ ಸಂಘಗಳು ರೈತರ ಏಳಿಗೆಗೆ ಶ್ರಮಿಸುತ್ತಿವೆ. ಈ ಇಂಟರ್ನ್‌ಶಿಪ್‌ನಲ್ಲಿ ಸಂಘದ ಕಾರ್ಯವೈಖರಿಯನ್ನು ಅಧ್ಯಯನ ಮಾಡಲಾಯಿತು. ಲೆಕ್ಕಪತ್ರಗಳ ಬಗ್ಗೆ ಅನೇಕ ವಿಷಯಗಳು ತಿಳಿದವು. ಈ ಅನುಭವ ನನ್ನ ಮುಂದಿನ ವೃತ್ತಿಗೆ ಬಹಳ ಉಪಯುಕ್ತ."

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ "ಸಂಘ" ತೆಗೆದು "ಬ್ಯಾಂಕ್" ಎಂದು ಹಾಕಿ, ಮೊದಲೆರಡು ವಾಕ್ಯ ಬದಲಿಸಿ. ಬ್ಯಾಂಕಿನ ವರದಿಗೂ ಇದೇ ನಡೆಯುತ್ತದೆ. ಹಾಗೆ ನಡೆದರೆ ಸಾರಾಂಶದಲ್ಲಿ ಏನೂ ಇಲ್ಲ ಎಂದೇ ಅರ್ಥ.

ಸರಿಯಾಗಿ ಬರೆಯಲು ಐದು ಪ್ರಶ್ನೆಗಳಿಗೆ ಒಂದೊಂದು ವಾಕ್ಯದ ಉತ್ತರ ಹಾಳೆಯ ಮೇಲೆ ಗೀಚಿಕೊಳ್ಳಿ. ಎಲ್ಲಿ, ಎಷ್ಟು ದಿನ? ಯಾವ ಪ್ರಶ್ನೆಗೆ ಉತ್ತರ ಹುಡುಕಿದಿರಿ? ಯಾವ ದಾಖಲೆ, ಯಾವ ವಿಧಾನ? ಏನು ಕಂಡಿತು? ಇದು ಎಲ್ಲಿಯವರೆಗೆ ನಿಜ? ನಾಲ್ಕನೆಯದಕ್ಕೆ ಮಾತ್ರ ಎರಡು ಮೂರು ವಾಕ್ಯ ಬೇಕಾಗುತ್ತದೆ. ಉತ್ತರಗಳನ್ನು ಸಾಲಾಗಿ ಜೋಡಿಸಿದರೆ ಸಾರಾಂಶ ಮುಕ್ಕಾಲು ಪಾಲು ಮುಗಿದಂತೆ. ನಮ್ಮ ಹುಡುಗಿಯದು ಹೀಗೆ ಬರುತ್ತದೆ:

"ಚಿಕ್ಕಬಳ್ಳಾಪುರ ಜಿಲ್ಲೆಯ ಗ್ರಾಮವೊಂದರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಆರು ವಾರ ನಡೆದ ಇಂಟರ್ನ್‌ಶಿಪ್‌ನ ವರದಿ ಇದು. ಸದಸ್ಯರಿಂದ ಕೊಂಡ ಹಾಲಿಗೂ ಒಕ್ಕೂಟಕ್ಕೆ ಕಳಿಸಿದ ಹಾಲಿಗೂ ಲೆಕ್ಕದಲ್ಲಿ ವ್ಯತ್ಯಾಸ ಏಕೆ ಬರುತ್ತದೆ ಎಂದು ತಿಳಿಯುವುದು ಉದ್ದೇಶವಾಗಿತ್ತು. ಇದಕ್ಕಾಗಿ 30 ದಿನಗಳ, ಬೆಳಿಗ್ಗೆ ಸಂಜೆ ಸೇರಿ 60 ಹೊತ್ತಿನ, ಖರೀದಿ ವಹಿ, ಸ್ಥಳೀಯ ಮಾರಾಟದ ವಹಿ ಮತ್ತು ರವಾನೆ ಚೀಟಿಗಳನ್ನು ಹೋಲಿಸಲಾಯಿತು. ಖರೀದಿ ಲೀಟರಿನಲ್ಲೂ ರವಾನೆ ಕಿಲೋಗ್ರಾಂನಲ್ಲೂ ಇದ್ದುದರಿಂದ ಎರಡನ್ನೂ ಲೀಟರಿಗೆ ತರಲಾಯಿತು. 49 ಹೊತ್ತುಗಳಲ್ಲಿ ವ್ಯತ್ಯಾಸ 2 ಲೀಟರಿನ ಒಳಗಿತ್ತು. ಉಳಿದ 11ರಲ್ಲಿ 8ಕ್ಕೆ ಸ್ಥಳೀಯ ಮಾರಾಟವನ್ನು ಮರುದಿನ ಬರೆದದ್ದು ಕಾರಣವಾಗಿತ್ತು. 3ರ ಕಾರಣ ದಾಖಲೆಗಳಿಂದ ತಿಳಿಯಲಿಲ್ಲ. ಸ್ಥಳೀಯ ಮಾರಾಟವನ್ನು ಆಯಾ ಹೊತ್ತಿನಲ್ಲೇ ಬರೆಯುವಂತೆ ವರದಿ ಸೂಚಿಸುತ್ತದೆ. ಒಂದೇ ಸಂಘದ ಒಂದೇ ತಿಂಗಳ ದಾಖಲೆ ನೋಡಿರುವುದರಿಂದ ಇದನ್ನು ಇತರ ಸಂಘಗಳಿಗೆ ಅನ್ವಯಿಸಲಾಗದು."

ಇಲ್ಲಿ ಸಂಘದ ಇತಿಹಾಸ ಇಲ್ಲ, ಹೈನುಗಾರಿಕೆಯ ಹೊಗಳಿಕೆ ಇಲ್ಲ. ಅವೆಲ್ಲ ಮೊದಲ ಅಧ್ಯಾಯದ ಪಾಲು. "ಎರಡನೇ ಅಧ್ಯಾಯದಲ್ಲಿ ಇಂಥದ್ದು, ಮೂರನೆಯದರಲ್ಲಿ ಇಂಥದ್ದು" ಎಂಬ ಸಾಲುಗಳೂ ಬೇಡ. ಅದಕ್ಕೆ ಪರಿವಿಡಿ ಇದೆ.

ಲೀಟರ್, ಕಿಲೋ ಮಾತು ಇಷ್ಟು ಚಿಕ್ಕ ಜಾಗದಲ್ಲಿ ಬೇಕಿತ್ತೇ ಎಂದು ಕೇಳಬಹುದು. ಬೇಕು. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. 200 ಲೀಟರ್ ಕೊಂಡ ಸಂಘ 206 ಕಿಲೋ ಕಳಿಸಿದರೆ, ಗೊತ್ತಿಲ್ಲದವರಿಗೆ 6 ಎಲ್ಲಿಂದಲೋ ಹೆಚ್ಚಾಗಿ ಬಂದಂತೆ ಕಾಣುತ್ತದೆ. ಈ ಪರಿವರ್ತನೆ ಮಾಡದಿದ್ದರೆ ಮುಂದಿನ ಅಂಕಿಗಳೆಲ್ಲ ಬಿದ್ದುಹೋಗುತ್ತವೆ. ವಿಧಾನದ ವಿವರದಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಇದೇ ಅಳತೆ. ಅದನ್ನು ಬಿಟ್ಟರೆ ಫಲಿತಾಂಶದ ಮೇಲಿನ ನಂಬಿಕೆ ಹೋಗುತ್ತದೆಯೇ? ಹೋಗುವುದಾದರೆ ಇಡಿ. ಅವಳು ಹಾಲಿನ ಕೊಬ್ಬು ಮತ್ತು ಕೊಬ್ಬಲ್ಲದ ಘನಾಂಶ ಅಳೆಯುವ ಫ್ಯಾಟ್, ಎಸ್‌ಎನ್‌ಎಫ್ ಪರೀಕ್ಷೆ ಮಾಡುವುದನ್ನೂ ಕಲಿತಿದ್ದಾಳೆ. ಆದರೆ ಈ ಪ್ರಶ್ನೆಗೆ ಅದು ಬೇಕಿಲ್ಲವಾದ್ದರಿಂದ ಸಾರಾಂಶದಲ್ಲಿ ಬಂದಿಲ್ಲ.

"3ರ ಕಾರಣ ತಿಳಿಯಲಿಲ್ಲ" ಎಂಬ ವಾಕ್ಯವನ್ನು ಹೆಚ್ಚಿನವರು ಅಳಿಸಿಬಿಡುತ್ತಾರೆ. ಮಾರ್ಕ್ಸ್ ಹೋಗುತ್ತದೆ ಎಂಬ ಭಯ. ನನ್ನ ಪ್ರಕಾರ ಇಡೀ ಸಾರಾಂಶದಲ್ಲಿ ವಿಶ್ವಾಸ ಹುಟ್ಟಿಸುವ ವಾಕ್ಯವೇ ಅದು. ಅಳಿಸಿದರೆ 49 ಮತ್ತು 8 ಕೂಡಿದರೆ 60 ಆಗುವುದಿಲ್ಲ. ವೈವಾದಲ್ಲಿ ಪರೀಕ್ಷಕರ ಮೊದಲ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಅಂದ ಹಾಗೆ, ವರದಿಯ ಮೇಲೆ ಸಂಘದ ಹೆಸರು ಇರುವುದರಿಂದ ಇಂಥ ಸಾಲನ್ನು ಮುದ್ರಿಸುವ ಮೊದಲು ಕಾರ್ಯದರ್ಶಿಗಳಿಗೆ ತೋರಿಸಿ. ಅವರು ಇನ್ನೊಂದು ವಹಿ ತೆಗೆದು ಕಾರಣ ತೋರಿಸಿದರೂ ತೋರಿಸಬಹುದು.

ಎಷ್ಟು ಉದ್ದ?

ನಿಮ್ಮ ಕಾಲೇಜು ಕೊಟ್ಟ ನಮೂನೆಯಲ್ಲಿ ಮಿತಿ ಹೇಳಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಇಂಗ್ಲಿಷಿನಲ್ಲಿ 150ರಿಂದ 250 ಪದ, ಒಂದೇ ಪ್ಯಾರಾ. ಕನ್ನಡದಲ್ಲಿ ಬರೆಯುವವರು ಇದೇ ಸಂಖ್ಯೆ ಹಿಡಿದರೆ ಸಾರಾಂಶ ಉಬ್ಬುತ್ತದೆ. ಇಂಗ್ಲಿಷಿನ ಎರಡು ಮೂರು ಪದಗಳ ಕೆಲಸವನ್ನು "ಹೋಲಿಸಲಾಯಿತು" ಎಂಬ ಒಂದೇ ಪದ ಮಾಡಿಬಿಡುತ್ತದೆ. ವಿಭಕ್ತಿಗಳೂ ಪದಕ್ಕೇ ಅಂಟಿಕೊಳ್ಳುತ್ತವೆ. ಹಾಗಾಗಿ ಕನ್ನಡದಲ್ಲಿ 100ರಿಂದ 150 ಪದ ಸಾಕು. ಮೇಲಿನ ಮಾದರಿ ನೂರಕ್ಕೂ ತುಸು ಕಡಿಮೆಯಿದೆ. ಎಣಿಸಲು ವರ್ಡ್‌ನಲ್ಲಿ ಆ ಪ್ಯಾರಾವನ್ನಷ್ಟೇ ಸೆಲೆಕ್ಟ್ ಮಾಡಿ, ಕೆಳಗಿನ ಪಟ್ಟಿಯಲ್ಲಿ ಸಂಖ್ಯೆ ಕಾಣುತ್ತದೆ. ಕೋಷ್ಟಕ, ಚಿತ್ರ, ಆಕರದ ಉಲ್ಲೇಖ ಯಾವುದೂ ಇಲ್ಲಿ ಬರಬಾರದು. ಕೀವರ್ಡ್ ಕೇಳಿದ್ದರೆ ಕೆಳಗೆ ನಾಲ್ಕೈದು ಸಾಕು.

ಕೃತಜ್ಞತಾ ಪುಟ

ಇದರ ಧಾಟಿ ಬೇರೆ. ಸಾರಾಂಶದಲ್ಲಿ "ಮಾಡಲಾಯಿತು" ಎಂದು ಬರೆದವರು ಇಲ್ಲಿ ಧಾರಾಳವಾಗಿ "ನಾನು" ಎನ್ನಬಹುದು. "ಕೃತಜ್ಞತೆಗಳನ್ನು ಸಲ್ಲಿಸಲಾಗಿದೆ" ಎಂದರೆ ಸರ್ಕಾರಿ ಸುತ್ತೋಲೆ ಓದಿದಂತಾಗುತ್ತದೆ.

ಮೊದಲು ಹೆಸರಿನ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ "ಏನು ಮಾಡಿದರು" ಎಂದು ಬರೆಯಿರಿ. ಅಲ್ಲಿ ಬರೆಯಲು ಏನೂ ತೋಚದಿದ್ದರೆ, ಆ ಹೆಸರು ಕಾಲೇಜಿನ ನಮೂನೆಯಲ್ಲಿ ಕಡ್ಡಾಯವಲ್ಲದಿದ್ದರೆ, ಬಿಟ್ಟುಬಿಡಿ. ಡೇರಿಯ ಮಟ್ಟಿಗೆ ಪಟ್ಟಿ ಹೀಗಾಗುತ್ತದೆ. ಅನುಮತಿ ಕೊಟ್ಟವರು ಅಧ್ಯಕ್ಷರು ಮತ್ತು ಆಡಳಿತ ಮಂಡಳಿ. ವಹಿ ತೋರಿಸಿದವರು ಕಾರ್ಯದರ್ಶಿಗಳು. ಪರೀಕ್ಷೆ ಕಲಿಸಿದವರು ಹಾಲು ಪರೀಕ್ಷಕರು. ಕರಡು ತಿದ್ದಿದವರು ಕಾಲೇಜಿನ ಮಾರ್ಗದರ್ಶಕರು. ಆಮೇಲೆ ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು, ಮನೆಯವರು.

ಕ್ರಮದ ಬಗ್ಗೆ ಜಗಳವೇ ಆಗುವುದುಂಟು. ಅನೇಕ ಕಾಲೇಜುಗಳ ನಮೂನೆಯಲ್ಲಿ ಪ್ರಾಂಶುಪಾಲರು ಮೊದಲು ಬರುತ್ತಾರೆ. ಹಾಗಿದ್ದರೆ ಹಾಗೇ ಬರೆಯಿರಿ. ಯಾರು ಮೊದಲು ಎಂಬುದು ನಿಮ್ಮ ಕೈಯಲ್ಲಿಲ್ಲದಿದ್ದರೂ ಯಾರಿಗೆ ಎಷ್ಟು ಮಾತು ಎಂಬುದು ನಿಮ್ಮ ಕೈಯಲ್ಲಿದೆ. ಪ್ರಾಂಶುಪಾಲರಿಗೆ ಒಂದು ವಾಕ್ಯ, ದಿನವೂ ಕೂರಿಸಿಕೊಂಡು ಹೇಳಿಕೊಟ್ಟವರಿಗೆ ಮೂರು ನಾಲ್ಕು. ಉದಾಹರಣೆಗೆ:

"ಸಂಘದ ಕಾರ್ಯದರ್ಶಿಗಳಾದ ಶ್ರೀಮತಿ …… ಅವರು ಬಟವಾಡೆಯ ಗಡಿಬಿಡಿಯ ನಡುವೆಯೂ ಹಳೆಯ ವಹಿಗಳನ್ನು ತೆಗೆದುಕೊಟ್ಟರು. ಸ್ಥಳೀಯ ಮಾರಾಟವನ್ನು ಎಲ್ಲಿ, ಯಾವಾಗ ಬರೆಯುತ್ತಾರೆ ಎಂದು ವಿವರಿಸಿದರು. ಈ ವರದಿಯ ನಾಲ್ಕನೇ ಅಧ್ಯಾಯ ಸಾಧ್ಯವಾದದ್ದು ಅವರಿಂದ. ಅವರಿಗೆ ನಾನು ಋಣಿ. ಹಾಲು ಪರೀಕ್ಷಕರಾದ ಶ್ರೀ …… ಅವರು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಪರೀಕ್ಷೆಯನ್ನು ಮಾಡಿ ತೋರಿಸಿದರು. ಅವರಿಗೆ ನನ್ನ ಧನ್ಯವಾದಗಳು."

ಇಲ್ಲಿ "ಜ್ಞಾನಸಾಗರ", "ಕೋಟಿ ಕೋಟಿ ನಮನ" ಇಲ್ಲದಿದ್ದರೂ ಗೌರವ ಕಡಿಮೆಯಾಗಿಲ್ಲ. "ಅವರು", "ಕಾರ್ಯದರ್ಶಿಗಳು" ಎಂಬ ಬಹುವಚನವೇ ಅಷ್ಟು ಕೆಲಸ ಮಾಡುತ್ತದೆ. ಇನ್ನೊಂದು ತುದಿಯ ತಪ್ಪೂ ಇದೆ. "ಲಕ್ಷ್ಮಿ ಅಕ್ಕ", "ನಮ್ಮ ಮಂಜಣ್ಣ" ಎಂದು ಡೇರಿಯಲ್ಲಿ ಕರೆದ ಹಾಗೇ ಬರೆಯುವುದು. ಬಾಯಲ್ಲಿ ಅದು ಚೆಂದ, ವರದಿಯಲ್ಲಿ ಪೂರ್ತಿ ಹೆಸರು, ಹುದ್ದೆ ಬೇಕು. ಇನಿಷಿಯಲ್ ಸಮೇತ ಹೆಸರನ್ನು ಅವರಿಂದಲೇ ಬರೆಸಿಕೊಳ್ಳಿ. "ಡಾ." ಹಾಕುವ ಮೊದಲು ಪಿಎಚ್.ಡಿ. ಆಗಿದೆಯೇ ಎಂದು ತಿಳಿದುಕೊಳ್ಳಿ. ಆಗದವರಿಗೆ ಹಾಕಿದರೆ ಅವರಿಗೇ ಮುಜುಗರ.

ಪಾಸ್‌ಬುಕ್ ತೋರಿಸಿದ ಸದಸ್ಯರ ಹೆಸರು ಬೇಡ. ಯಾರ ಮನೆಯಿಂದ ಎಷ್ಟು ಹಾಲು, ಎಷ್ಟು ಹಣ ಎಂಬುದು ಅವರ ಸ್ವಂತ ವಿಷಯ. "ದಾಖಲೆ ನೋಡಲು ಒಪ್ಪಿದ ಸದಸ್ಯರಿಗೆ" ಎಂದರೆ ಸಾಕು. ಮನೆಯವರಿಗೆ, ಗೆಳೆಯರಿಗೆ ಕೊನೆಯಲ್ಲಿ ಒಂದು ವಾಕ್ಯ. ದೇವರನ್ನು ನೆನೆಯುವುದು ನಿಮ್ಮಿಷ್ಟ, ಅದೂ ಒಂದೇ ವಾಕ್ಯ.

ಒಟ್ಟು ಒಂದು ಪುಟ ದಾಟಬಾರದು. ಎರಡು ಸಾಲು ಮುಂದಿನ ಪುಟಕ್ಕೆ ಜಾರಿದರೆ ಅಕ್ಷರದ ಗಾತ್ರ ಕುಗ್ಗಿಸಬೇಡಿ, ವಿಶೇಷಣಗಳನ್ನು ಕಿತ್ತುಹಾಕಿ. ಸಾಮಾನ್ಯವಾಗಿ ಅಲ್ಲೇ ಮೂರು ಸಾಲು ಸಿಗುತ್ತದೆ. ಕೆಳಗೆ ನಿಮ್ಮ ಹೆಸರು, ರಿಜಿಸ್ಟರ್ ನಂಬರ್.

ಬೈಂಡಿಂಗ್‌ಗೆ ಕೊಡುವ ಮುಂಚೆ

ಈ ಎರಡು ಪುಟಗಳು ಸಾಮಾನ್ಯವಾಗಿ ಪ್ರಮಾಣಪತ್ರ ಮತ್ತು ಘೋಷಣೆಯ ನಂತರ, ಪರಿವಿಡಿಗಿಂತ ಮೊದಲು ಬರುತ್ತವೆ. ಪುಟಸಂಖ್ಯೆ ರೋಮನ್ ಅಂಕಿಯಲ್ಲಿರುತ್ತದೆ. 1, 2 ಶುರುವಾಗುವುದು ಮೊದಲ ಅಧ್ಯಾಯದಿಂದ.

ಕೊನೆಯದಾಗಿ ಸಾರಾಂಶದ ಪ್ರತಿ ಅಂಕಿಯನ್ನೂ Ctrl+F ಒತ್ತಿ ಅಧ್ಯಾಯಗಳಲ್ಲಿ ಹುಡುಕಿ. ಅಧ್ಯಾಯದಲ್ಲಿ ಇಲ್ಲದ ಅಂಕಿ ಸಾರಾಂಶದಲ್ಲಿ ಇರಬಾರದು. ತಪ್ಪು ನುಸುಳುವುದು ಸಾಮಾನ್ಯವಾಗಿ ಮಾರ್ಗದರ್ಶಕರು ನಾಲ್ಕನೇ ಅಧ್ಯಾಯ ತಿದ್ದಿಸಿದ ಮೇಲೆ. ಎರಡು ಹೊತ್ತಿನ ಲೆಕ್ಕ ಸರಿಮಾಡಿ ಕೋಷ್ಟಕದಲ್ಲಿ 49 ಹೋಗಿ 51 ಆಗಿರುತ್ತದೆ. ಸಾರಾಂಶದಲ್ಲಿ ಹಳೆಯ 49 ಹಾಗೇ ಕೂತಿರುತ್ತದೆ. 51 ಆದರೆ 11 ಹೋಗಿ 9 ಆಗಬೇಕು, ಆ 9ರಲ್ಲಿ ಕಾರಣ ಗೊತ್ತಾದವು ಎಷ್ಟು, ಗೊತ್ತಾಗದವು ಎಷ್ಟು ಎಂದು ಮತ್ತೆ ಎಣಿಸಬೇಕು.