ಕುಮಾರ ಪರ್ವತದ ವಾಯ್ಸ್ ನೋಟುಗಳನ್ನು ದಿನಚರಿಯಾಗಿಸಿದ ಬಗೆ: ನನ್ನ ಅನುಭವ

ಚಾರಣದಲ್ಲಿ ಏದುಸಿರು ಬಿಡುತ್ತಾ ಫೋನಿಗೆ ಹೇಳಿದ ಮಾತುಗಳು ಎಂದಿಗೂ ಓದುವಂಥ ದಿನಚರಿಯಾಗಲಾರವು, ಸಂಜೆ ಕುಳಿತು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದರೆ ಸಾಕು ಎಂದು ನಮ್ಮ ತಂಡದ ಹಿರಿಯರು ಬಹಳ ಕಾಲ ವಾದಿಸುತ್ತಿದ್ದರು. ಆದರೆ ಸಂಜೆ ಬರೆಯುವ ನಾಲ್ಕು ಸಾಲಿನಲ್ಲಿ ಹೊಟ್ಟೆ ತುಂಬಿದವನ ನೆನಪು ಇರುತ್ತದೆಯೇ ಹೊರತು ಏರಿನಲ್ಲಿ ಕಾಲು ನಡುಗಿದವನ ಮಾತು ಇರುವುದಿಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ ಭಟ್ಟರ ಮನೆ, ಕಲ್ಲು ಮಂಟಪ, ಶೇಷ ಪರ್ವತಗಳ ಮೂಲಕ ಕುಮಾರ ಪರ್ವತಕ್ಕೆ ಹೋಗಿ ಬಂದ ಚಾರಣದ ದಿನಚರಿಯನ್ನು ಓದಿದ ಮೇಲೆ ಅದೇ ಹಿರಿಯರು ತಮ್ಮ ಹಳೆಯ ರೆಕಾರ್ಡಿಂಗುಗಳನ್ನು ನನಗೆ ಕಳುಹಿಸತೊಡಗಿದ್ದಾರೆ. ಆದ್ದರಿಂದ ಈ ಕೆಲಸ ಎಲ್ಲಿ ಕೆಡುತ್ತದೆ, ಹೇಗೆ ಸರಿಹೋಗುತ್ತದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಹಣ ಹೋದ ದಾರಿಯನ್ನು ಹೇಳಿಬಿಡುತ್ತೇನೆ. ಸುಮಾರು ಆರು ಸಾವಿರ ರೂಪಾಯಿ ಕೊಟ್ಟು ತಂದ ಪ್ರತ್ಯೇಕ ರೆಕಾರ್ಡರಿನಲ್ಲಿ ಧ್ವನಿ ಚೆನ್ನಾಗಿ ಬರುತ್ತಿತ್ತು, ಆದರೆ ಬ್ಯಾಟರಿ ಬದಲಿಸಿದಾಗಲೆಲ್ಲ ಅದರ ಗಡಿಯಾರ ಯಾವುದೋ ಹಳೆಯ ವರ್ಷಕ್ಕೆ ಹಿಂದಿರುಗುತ್ತಿದ್ದುದರಿಂದ ತಾರೀಖಿನ ಮಟ್ಟಿಗೆ ಅದು ನಿಷ್ಪ್ರಯೋಜಕವಾಯಿತು. ಬಳಿಕ ಒಬ್ಬ ಟೈಪಿಸ್ಟ್‌ಗೆ ನಿಮಿಷಕ್ಕೆ ಹತ್ತೋ ಹನ್ನೆರಡೋ ರೂಪಾಯಿಯಂತೆ ಕೊಟ್ಟು ಬರೆಸಿದೆ. ಅವರು ಬಹಳ ಶ್ರದ್ಧೆಯಿಂದ ನನ್ನ ಮಾತನ್ನೆಲ್ಲ ಗ್ರಾಂಥಿಕ ಕನ್ನಡಕ್ಕೆ ತಿದ್ದಿ, ಉಸಿರನ್ನೂ ‘ಅಯ್ಯೋ’ಗಳನ್ನೂ ತೆಗೆದುಹಾಕಿ, ಸರ್ಕಾರಿ ವರದಿಯಂತಹದೊಂದನ್ನು ಕೊಟ್ಟರು. ಅಲ್ಲಿಗೆ ಎರಡು ಸಾವಿರದಷ್ಟು ಹಣ ಕರಗಿತ್ತು. ಈಗ ನಾನು ಬಳಸುವುದು ಫೋನು ಮತ್ತು ಒಂಬೈನೂರು ರೂಪಾಯಿಯ ಕಾಲರ್ ಮೈಕ್ ಮಾತ್ರ.

ಎಲ್ಲರೂ ಎಡವುವ ಜಾಗ ತಾರೀಖು. ಫೈಲನ್ನು ಕಂಪ್ಯೂಟರಿಗೆ ನಕಲು ಮಾಡಿದ ಮೇಲೆ ಅಲ್ಲಿ ಕಾಣುವ ದಿನಾಂಕ ಅನೇಕ ವೇಳೆ ನಕಲು ಮಾಡಿದ ದಿನದ್ದಾಗಿರುತ್ತದೆ. ವಾಟ್ಸಾಪಿನಲ್ಲಿ ಗೆಳೆಯರಿಗೆ ಕಳುಹಿಸಿದ ವಾಯ್ಸ್ ನೋಟಿನ ಹೆಸರಿನಲ್ಲಿ ದಿನಾಂಕವಿದ್ದರೂ ಗಂಟೆಯಿರುವುದಿಲ್ಲ, ಮೇಲಾಗಿ ಬೆಟ್ಟದಲ್ಲಿ ನೆಟ್‌ವರ್ಕ್ ಇಲ್ಲದ್ದರಿಂದ ಅದು ಅವರ ಫೋನಿಗೆ ಮರುದಿನದ ಹೆಸರಿನಲ್ಲಿ ತಲುಪಿರಲೂಬಹುದು. ಆದ್ದರಿಂದ ಮೂಲ ಫೈಲಿನ ಒಳಗೇ ಬರೆದಿರುವ ಸಮಯವನ್ನು, ಕಂಪ್ಯೂಟರಿನಲ್ಲಿ FFmpeg ಜೊತೆ ಬರುವ ffprobe ಎಂಬ ಉಪಕರಣದಿಂದ ಓದಬೇಕು:

```
ffprobe -v error -show_entries format=duration:format_tags=creation_time -of default=nw=1 note.m4a
```

ಇದು ಕೊಡುವ `creation_time` ನಮ್ಮ ಸಮಯವಲ್ಲ, ಕೊನೆಯಲ್ಲಿರುವ Z ಅಕ್ಷರವೇ ಹೇಳುವಂತೆ ಅದು ಜಾಗತಿಕ ಪ್ರಮಾಣ ಸಮಯವಾದ ಯುಟಿಸಿ, ಎಂದರೆ ನಮಗಿಂತ ಐದೂವರೆ ಗಂಟೆ ಹಿಂದಿನದು. ಡಿಸೆಂಬರ್ 17ರ ಬೆಳಗಿನ ಜಾವ 4.40ಕ್ಕೆ ಭಟ್ಟರ ಮನೆಯ ಅಂಗಳದಲ್ಲಿ ನಿಂತು, ಚಳಿಗೆ ಹಲ್ಲು ಕಡಿಯುತ್ತಾ, ನಕ್ಷತ್ರಗಳ ಬಗ್ಗೆ ಹೇಳಿದ ಮಾತು ಈ ಲೆಕ್ಕದಲ್ಲಿ 16ರ ರಾತ್ರಿ 11.10ರದ್ದಾಗಿ ಕಾಣುತ್ತದೆ. ನಸುಕಿನಲ್ಲಿ ಏಳುವ ಚಾರಣಿಗರ ದಿನಚರಿಯಲ್ಲಿ ಬೆಳಗು ಹಿಂದಿನ ದಿನಕ್ಕೆ ಅಂಟಿಕೊಳ್ಳುವುದು ಇದೇ ಕಾರಣದಿಂದ. ಇನ್ನೊಂದು ಸೂಕ್ಷ್ಮವೆಂದರೆ ನನ್ನ ಆಂಡ್ರಾಯ್ಡ್ ಫೋನು ಈ ಸಮಯವನ್ನು ರೆಕಾರ್ಡಿಂಗ್ ನಿಲ್ಲಿಸಿದಾಗ ಬರೆಯುತ್ತದೆ, ಆದ್ದರಿಂದ ಮಾತು ಶುರುವಾದ ಗಳಿಗೆ ಬೇಕಾದರೆ `duration` ಅನ್ನು ಕಳೆಯಬೇಕು. ನಿಮ್ಮ ಫೋನು ಹೇಗೆ ಮಾಡುತ್ತದೆಂಬುದನ್ನು ಮನೆಯಲ್ಲೇ ಗಡಿಯಾರದ ಮುಂದೆ ಐದು ನಿಮಿಷ ರೆಕಾರ್ಡ್ ಮಾಡಿ ನೋಡಿಕೊಳ್ಳಿ.

ಸಮಯ ಖಚಿತವಾದರೆ ಜಾಗ ತಾನಾಗಿ ಸಿಗುತ್ತದೆ. ಓಸ್ಮ್ಯಾಂಡ್ ಎಂಬ ನಕ್ಷೆಯ ಆ್ಯಪ್‌ನಲ್ಲಿ ದಾಖಲಾದ, ನಡೆದ ದಾರಿಯ ಜಿಪಿಎಕ್ಸ್ ಟ್ರ್ಯಾಕಿನ ಪ್ರತಿ ಬಿಂದುವಿಗೂ ಯುಟಿಸಿ ಸಮಯವಿರುವುದರಿಂದ, ಎರಡನ್ನೂ ಅದೇ ರೂಪದಲ್ಲಿ ಹೊಂದಿಸಿ ನೋಡಿ, ಕೊನೆಯಲ್ಲಿ ಮಾತ್ರ ನಮ್ಮ ಸಮಯಕ್ಕೆ ತಿರುಗಿಸುವುದು ಒಳ್ಳೆಯದು. ದಟ್ಟ ಮರಗಳ ಅಡಿಯಲ್ಲಿ ಬಿಂದುಗಳು ದಾರಿಯಿಂದ ಆಚೀಚೆ ಹತ್ತಾರು ಮೀಟರ್ ಜಿಗಿಯುತ್ತವೆ, ಹಾಗಾಗಿ ಅಲ್ಲಿ ನಾನು ಅಂಕಿಗಳನ್ನು ನಂಬದೆ ಭೀಮನ ಕಲ್ಲಿನಂತಹ ಗುರುತುಗಳನ್ನು ನಂಬುತ್ತೇನೆ.

ಈ ಹೊಂದಾಣಿಕೆಯ ಬೆಲೆ ತಿಳಿದದ್ದು ಒಂದೂವರೆ ನಿಮಿಷದ ಒಂದು ರೆಕಾರ್ಡಿಂಗಿನಲ್ಲಿ. ಕೇಳಿದ್ದನ್ನು ಕೇಳಿದ ಹಾಗೆಯೇ ಇಳಿಸಿದಾಗ ಅದು ಹೀಗಿತ್ತು:

“ಬಂತು ಕಣೋ, ಬಂತು, ತುದಿ! (ಉಸಿರು) ಅಯ್ಯೋ ದೇವರೇ. ಗಾಳಿ ನೋಡು, ನಿಲ್ಲಕ್ಕಾಗ್ತಿಲ್ಲ. ಕೆಳಗೆ ಬರೀ ಮೋಡ, ಭಟ್ರ ಮನೆ ಹಿಂದೆ ಅಲ್ಲೆಲ್ಲೋ ಇರ್ಬೇಕು. (ಹತ್ತು ಸೆಕೆಂಡು ಮಾತಿಲ್ಲ) ಅಲ್ಲಾ, ಮುಂದೆ ಇನ್ನೊಂದಿದೆಯಲ್ಲ? ಕಾಡಿಗೆ ಇಳಿದು... ಅದಾ?”

ಫೈಲಿನ ಸಮಯ `2022-12-17T03:58:20Z`, ಉದ್ದ 94 ಸೆಕೆಂಡು. ಲೆಕ್ಕ ಹಾಕಿದರೆ ಮಾತು ಆರಂಭವಾದದ್ದು ಬೆಳಿಗ್ಗೆ 9.26ಕ್ಕೆ, ಆ ಹೊತ್ತಿನಲ್ಲಿ ಟ್ರ್ಯಾಕ್ ನಿಂತಿದ್ದದ್ದು ಶೇಷ ಪರ್ವತದ ಮೇಲೆ. ಕುಕ್ಕೆಯ ಕಡೆಯಿಂದ ಹತ್ತುವವರು ಶೇಷ ಪರ್ವತವನ್ನೇ ತುದಿಯೆಂದುಕೊಳ್ಳುವುದು ಸಾಮಾನ್ಯ, ಅಲ್ಲಿಂದ ಶೋಲಾ ಕಾಡಿಗೆ ಇಳಿದು, ಬಂಡೆಯೇರಿ, 1712 ಮೀಟರಿನ ನಿಜವಾದ ತುದಿಯನ್ನು ಮುಟ್ಟಬೇಕು. ಟೈಪಿಸ್ಟ್ ಬರೆದಿದ್ದರೆ ಇದು ಕುಮಾರ ಪರ್ವತದ ವಿವರವಾಗುತ್ತಿತ್ತು. ಎಲ್ಲ ತಿಳಿದ ಮೇಲೆ ಬರೆಯುವವನು ‘ತುದಿ ಇನ್ನೂ ದೂರವಿತ್ತು’ ಎಂದು ಮೊದಲೇ ಹೇಳಿ ಆ ಸಂಭ್ರಮವನ್ನೇ ಅಳಿಸಿಬಿಡುತ್ತಾನೆ. ನನ್ನ ನಿಯಮವಿಷ್ಟೇ: ದಾರಿಯನ್ನು ಟ್ರ್ಯಾಕ್ ಹೇಳಬೇಕು, ನೋಟವನ್ನೂ ಭಾವವನ್ನೂ ಧ್ವನಿ ಹೇಳಬೇಕು, ಒಂದನ್ನು ತಿದ್ದಲು ಇನ್ನೊಂದಕ್ಕೆ ಅಧಿಕಾರವಿಲ್ಲ. ದಿನಚರಿಯಲ್ಲಿ ಅದು ಹೀಗೆ ನಿಂತಿತು:

“17 ಡಿಸೆಂಬರ್ 2022, ಶನಿವಾರ. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಶೇಷ ಪರ್ವತದ ಮೇಲಿದ್ದೆವು. ತುದಿ ಬಂತೆಂದು ಕೂಗಿದೆ. ನಿಲ್ಲಲಾಗದಷ್ಟು ಗಾಳಿ, ಕೆಳಗೆ ಬರೀ ಮೋಡ, ಭಟ್ಟರ ಮನೆಯಿರುವ ದಿಕ್ಕನ್ನಷ್ಟೇ ಊಹಿಸಬಹುದಾಗಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮುಂದೆ, ಕಾಡಿಗೆ ಇಳಿದು ಹತ್ತಬೇಕಾದ ಇನ್ನೊಂದು ಶಿಖರ ಕಾಣಿಸಿತು.”

ಆ ಹತ್ತು ಸೆಕೆಂಡಿನ ಮೌನವನ್ನು ಒಂದು ವಾಕ್ಯವಾಗಿ ಉಳಿಸಿದ್ದನ್ನು ಗಮನಿಸಿ. ‘ನಿರಾಶೆಯಾಯಿತು’ ಎಂದು ಧ್ವನಿಯಲ್ಲಿ ಎಲ್ಲೂ ಇಲ್ಲ, ಆದ್ದರಿಂದ ಬರಹದಲ್ಲೂ ಇಲ್ಲ. ಇಳಿಸಿದ ಪಠ್ಯದಲ್ಲಿ ದಾರಿ, ನೋಟ, ಭಾವಗಳಿಗೆ ಮೂರು ಬಣ್ಣದ ಅಡಿಗೆರೆ ಹಾಕುತ್ತೇನೆ. ಯಾವ ಬಣ್ಣವನ್ನು ಮೊದಲು ಬರೆಯಬೇಕೆಂಬ ಕ್ರಮ ನನಗೆ ಬಹಳ ಕೆಲಸ ಉಳಿಸಿದೆ, ಆದರೆ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ನಡೆಯುತ್ತಾ ಹೇಳಿದ್ದು ಮತ್ತು ನಿಂತು ಹೇಳಿದ್ದು ಎಂದು ನೋಟುಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ, ನಿಂತವು ಸ್ಪಷ್ಟವಾಗಿದ್ದರೂ ಹೆಚ್ಚಿನವು ಭಾಷಣದಂತಿದ್ದವು, ನಡೆಯುವಾಗಿನವುಗಳಲ್ಲಿ ಕಾಲುಭಾಗ ಗಾಳಿಗೆ ಹಾಳಾಗಿದ್ದರೂ ಉಳಿದವು ಜೀವಂತವಾಗಿದ್ದವು. ಈಗ ನಡೆಯುತ್ತಲೇ ಮಾತಾಡಿ, ಕೊನೆಯಲ್ಲಿ ಮಾತ್ರ ಗಾಳಿಗೆ ಬೆನ್ನು ಮಾಡಿ ನಿಂತು ಕಂಡ ಗುರುತೊಂದರ ಹೆಸರನ್ನು ಹೇಳುತ್ತೇನೆ. ಟ್ರ್ಯಾಕ್ ಕೈಕೊಟ್ಟ ದಿನ ಈ ಹೆಸರುಗಳೇ ಆಧಾರ.

ಒಂದು ಗಂಟೆಯ ಧ್ವನಿಯನ್ನು ದಿನಚರಿಯಾಗಿಸಲು ಐದಾರು ಗಂಟೆ ಹಿಡಿಯುತ್ತದೆ, ಗಾಳಿಯ ದಿನವಾದರೆ ಇನ್ನೂ ಹೆಚ್ಚು. ಬಗೆಹರಿಯದೆ ಉಳಿದಿರುವುದು ಇಳಿದಾರಿ. ಮಂಡಿ ನೋಯುವಾಗ ಯಾರೂ ಫೋನು ತೆಗೆಯುವುದಿಲ್ಲವಾದ್ದರಿಂದ ಭಟ್ಟರ ಮನೆಯಿಂದ ಕುಕ್ಕೆಯವರೆಗಿನ ಕಾಡಿನ ಇಳಿತಕ್ಕೆ ನನ್ನ ಬಳಿ ಒಂದು ಮಾತೂ ಇರಲಿಲ್ಲ. ಅಲ್ಲಿ ಹೊರಟ ಮತ್ತು ತಲುಪಿದ ಹೊತ್ತನ್ನು ಟ್ರ್ಯಾಕಿನಿಂದ ತೆಗೆದು ಒಂದೇ ಸಾಲಿನಲ್ಲಿ ಬರೆದು, ‘ಧ್ವನಿಯಿಲ್ಲ’ ಎಂದು ಅಂಚಿನಲ್ಲಿ ಗುರುತು ಹಾಕಿ ಬಿಟ್ಟಿದ್ದೇನೆ.