ಬ್ರಸೆಲ್ಸ್‌ಗೆ ಹೊಸದಾಗಿ ಬಂದೋರಿಗೆ: ಈ ಹುಳಿ ಬಿಯರ್ ಕೆಟ್ಟಿಲ್ಲ ಕಣ್ರೀ

ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ಆಫೀಸಿನ ಯಾರೋ ಒಬ್ಬರು ನಿಮ್ಮನ್ನ ಪಬ್ಬಿಗೆ ಕರ್ಕೊಂಡು ಹೋಗಿ ಗೊಝ್ ಅನ್ನೋ ಹುಳಿ ಬಿಯರ್ ಒಂದು ಗ್ಲಾಸ್ ಕೈಗೆ ಕೊಡ್ತಾರೆ, ಬರೆದಿಟ್ಕೊಳ್ಳಿ. ಮೊದಲ ಗುಟುಕಿಗೇ ಹಸಿ ಹುಣಸೆಕಾಯಿ ಕಚ್ಚಿದ ಹಾಗಾಗತ್ತೆ, ಜೊತೆಗೆ ಹಳೇ ಚಾಪೆ, ಕೊಟ್ಟಿಗೆ, ನಿಂಬೆಸಿಪ್ಪೆ ಎಲ್ಲ ಸೇರಿದಂಥ ವಾಸನೆ. ನಾನಂತೂ ಬಾರಿನವನ್ನ ಕರೆದು ಇದು ಕೆಟ್ಟೋಗಿದೆ, ಬೇರೆ ಕೊಡಪ್ಪ ಅಂದುಬಿಟ್ಟೆ, ಅವನು ನಗಲೂ ಇಲ್ಲ ಬೈಯಲೂ ಇಲ್ಲ, ಸುಮ್ನೆ ಕಾರ್ಕ್ ತಂದು ಅದರ ಮೇಲಿನ ವರ್ಷ ತೋರಿಸಿ ಹೋದ. ನನ್ನ ಮಾನ ಹೋದ ಹಾಗೆ ನಿಮ್ಮದು ಹೋಗ್ಬಾರದು ಅಂತ ಇಷ್ಟು ಬರೀತಿದೀನಿ.

ಬ್ರಸೆಲ್ಸ್ ಮತ್ತು ಅದರ ನೈಋತ್ಯಕ್ಕಿರೋ ಪಾಯೊಟನ್‌ಲ್ಯಾಂಡ್ ಅನ್ನೋ ಹಳ್ಳಿ ಸೀಮೆಯಲ್ಲಿ ಮಾಡೋ ಬಿಯರ್‌ಗೆ ಲಾಂಬಿಕ್ ಅಂತಾರೆ, ಗೊಝ್ ಆಗೋದು ಇದನ್ನ ಬೆರೆಸಿಯೇ. ಬೇರೆ ಬಿಯರ್‌ಗೆಲ್ಲ ಯೀಸ್ಟ್ ಅಳೆದು ಹಾಕ್ತಾರೆ, ಇದಕ್ಕೆ ಏನೂ ಹಾಕಲ್ಲ. ನಮಗೆ ಇದೇನು ದೊಡ್ಡ ವಿಷಯ, ದೋಸೆ ಹಿಟ್ಟಿಗೆ ಯಾರಾದ್ರೂ ಯೀಸ್ಟ್ ಹಾಕ್ತಾರಾ ಅಂತ ನನಗೂ ಮೊದಲು ಅನಿಸಿತ್ತು. ಆದ್ರೆ ಒಂದು ವ್ಯತ್ಯಾಸ ಇದೆ. ದೋಸೆಯಲ್ಲಿ ಹುಳಿ ತರೋ ಜೀವಿಗಳು ಹೆಚ್ಚಾಗಿ ಉದ್ದಿನಬೇಳೆ ಅಕ್ಕಿ ಜೊತೆಗೇ ಬಂದಿರ್ತವೆ, ನಾವು ಅದನ್ನ ಕುದಿಸಲ್ಲ. ಇಲ್ಲಿ ಬಾರ್ಲಿ ಮಾಲ್ಟು, ಅದರ ಜೊತೆ ಮೂರನೇ ಒಂದು ಭಾಗದಷ್ಟು ಮೊಳಕೆ ಬರಿಸದ ಹಸಿ ಗೋಧಿ, ಇವೆರಡರ ಸಿಹಿ ಕಷಾಯವನ್ನ ಮೂರು ನಾಲ್ಕು ಗಂಟೆ ಕುದಿಸ್ತಾರೆ, ಅಂದ್ರೆ ಕಾಳಿನಿಂದ ಬಂದದ್ದೆಲ್ಲ ಸತ್ತೇ ಹೋಯ್ತು. ಇನ್ನು ಹುದುಗಿಸೋರು ಯಾರಿದ್ರೂ ಆಮೇಲೆ ಹೊರಗಿಂದ ಬರ್ಬೇಕು.

ಬರೋದು ರಾತ್ರಿ. ಕುದಿದದ್ದನ್ನ ಅಟ್ಟದ ಮೇಲಿರೋ ದೊಡ್ಡ ಅಗಲದ, ಆಳ ಕಮ್ಮಿ ಇರೋ ತೊಟ್ಟಿಗೆ ಸುರೀತಾರೆ, ಕೂಲ್‌ಶಿಪ್ ಅಂತಾರೆ, ನಮ್ಮ ಆಲೆಮನೆಯ ಬೆಲ್ಲದ ಕೊಪ್ಪರಿಗೆಯನ್ನ ಚಪ್ಪಟೆ ಮಾಡಿ ಕೋಣೆ ತುಂಬ ಹರಡಿದ್ರೆ ಹೆಂಗಿರತ್ತೋ ಹಂಗೆ. ಕಿಟಕಿಗಳೆಲ್ಲ ತೆಗೆದಿರ್ತವೆ, ಹುದುಗಿಸೋ ಜೀವಿಗಳು ಗಾಳಿ ಜೊತೆ ಒಳಗೆ ಬರಲಿ ಅಂತ. ಬೆಳಗಾಗೋ ಹೊತ್ತಿಗೆ ಅದು ಇಪ್ಪತ್ತು ಡಿಗ್ರಿ ಆಸುಪಾಸಿಗೆ ಇಳಿದಿರ್ಬೇಕು, ಅದಕ್ಕೇ ಚಳಿಗಾಲದಲ್ಲಿ ಮಾತ್ರ ಮಾಡೋದು. ಸೆಕೆ ದಿನದಲ್ಲಿ ಬೇಗ ತಣಿಯಲ್ಲ, ಆ ಬೆಚ್ಚಗಿನ ಹೊತ್ತಲ್ಲಿ ಬೇಡದ ಬ್ಯಾಕ್ಟೀರಿಯಾ ಜಾಸ್ತಿ ಬೆಳೆದು ಇಡೀ ತೊಟ್ಟಿ ಹಾಳಾಗತ್ತೆ. ಅವನ್ನ ಹಿಡಿತದಲ್ಲಿಡೋಕೆ ಹಾಪ್ಸ್ ಅನ್ನೋ ಕಹಿ ಹೂವು ಕೂಡ ಹಾಕ್ತಾರೆ, ಆದ್ರೆ ಎರಡು ಮೂರು ವರ್ಷ ಹಳೇದು, ಕಹಿ ಪರಿಮಳ ಎಲ್ಲ ಇಳಿದು ಕಾಯೋ ಗುಣ ಮಾತ್ರ ಉಳಿದದ್ದು. ಆಂಡರ್ಲೆಖ್ಟ್‌ನಲ್ಲಿ 1900ರಿಂದ ಇರೋ ಕ್ಯಾಂಟಿಯೋನ್‌ಗೆ ಹೋದ್ರೆ ಆ ತೊಟ್ಟಿ ನೋಡ್ಬಹುದು, ಬ್ರೂವರಿಯೇ ಮ್ಯೂಸಿಯಂ, ಮೀದಿ ಸ್ಟೇಷನ್‌ನಿಂದ ನಡ್ಕೊಂಡೇ ಹೋಗ್ಬಹುದು. ಜೇಡರ ಬಲೆ ನೋಡಿ ಮುಖ ಸಿಂಡರಿಸ್ಬೇಡಿ, ಹಣ್ಣಿನ ನೊಣ ಹಿಡೀಲಿ ಅಂತ ಬೇಕಂತಲೇ ಬಿಟ್ಟಿರೋದು.

ಬೆಳಿಗ್ಗೆ ಅದು ಮರದ ಪೀಪಾಯಿಗೆ ಹೋಗತ್ತೆ. ಹಳೇ ಪೀಪಾಯಿ, ಆ ಮರದ ಸಂದಿನಲ್ಲೂ ಜೀವಿಗಳು ಮನೆ ಮಾಡ್ಕೊಂಡಿರ್ತವೆ, ಹಾಗಾಗಿ ಎಲ್ಲಾ ಗಾಳಿಯಿಂದಲೇ ಬಂತು ಅನ್ನೋ ಮಾತು ಪೂರ್ತಿ ನಿಜ ಅಲ್ಲ. ಮೊದಲ ತಿಂಗಳು ಕರುಳಿನ ಬ್ಯಾಕ್ಟೀರಿಯಾ ಜಾತಿಯವು ಆಟ ಆಡ್ತವೆ, ಆಗ ಅದನ್ನ ಬಾಯಿಗಿಡೋ ಹಾಗಿಲ್ಲ. ಆಮೇಲೆ ಮಾಮೂಲಿ ಯೀಸ್ಟ್ ಬಂದು ಸುಲಭದ ಸಕ್ಕರೆಯನ್ನೆಲ್ಲ ತಿಂದು ಆಲ್ಕೋಹಾಲ್ ಮಾಡತ್ತೆ, ಮೂರ್ನಾಲ್ಕು ತಿಂಗಳಲ್ಲಿ ಅದರ ಕೆಲಸ ಹೆಚ್ಚುಕಮ್ಮಿ ಮುಗೀತು. ಬೇರೆ ಬಿಯರ್ ಆಗಿದ್ರೆ ಇಷ್ಟೊತ್ತಿಗೆ ಕುಡಿದು ಮುಗಿಸಿರ್ತಿದ್ರು. ಆದ್ರೆ ಹಸಿ ಗೋಧಿ ಹಾಕಿ ವಿಚಿತ್ರ ರೀತಿಲಿ ಬೇಯಿಸಿರೋದ್ರಿಂದ ಇದರಲ್ಲಿ ಮಾಮೂಲಿ ಯೀಸ್ಟಿಗೆ ಜೀರ್ಣ ಆಗದ ಉದ್ದುದ್ದ ಸರಪಳಿಯ ಸಕ್ಕರೆ ಬೇಕಾದಷ್ಟು ಉಳಿದಿರತ್ತೆ, ವರ್ಷಗಟ್ಟಲೆ ಕಾಯೋದು ಈ ಉಳಿದದ್ದಕ್ಕೋಸ್ಕರ. ಬೇಸಿಗೆ ಬರ್ತಿದ್ದ ಹಾಗೆ ಪೀಡಿಯೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಹುಳಿ ಮಾಡೋಕೆ ಶುರು ಮಾಡತ್ತೆ, ಆಗ ಕೆಲವು ಪೀಪಾಯಿ ಲೋಳೆಸರದ ಥರ ಎಳೆ ಎಳೆಯಾಗಿ ಸುರಿಯತ್ತೆ, ಇಲ್ಲಿನವರು ಬಿಯರ್‌ಗೆ ಕಾಯಿಲೆ ಬಂದಿದೆ ಅಂತಾರೆ, ಎಸೆಯಲ್ಲ, ಬಿಟ್ಟುಬಿಡ್ತಾರೆ. ಅಷ್ಟೊತ್ತಿಗೆ ಬ್ರೆಟ್ಟನೊಮೈಸಿಸ್ ಅನ್ನೋ ನಿಧಾನಿ ಯೀಸ್ಟ್ ಎದ್ದಿರತ್ತೆ, ಅದರ ಒಂದು ಜಾತಿಗೆ ಈ ಊರಿನ ಹೆಸರೇ ಇದೆ, ಬ್ರುಕ್ಸೆಲೆನ್ಸಿಸ್ ಅಂತ. ಅದು ಆ ಲೋಳೆಯನ್ನೂ ಉದ್ದ ಸಕ್ಕರೆಯನ್ನೂ ನಿಧಾನಕ್ಕೆ ತಿಂದು ಮುಗಿಸಿ ಆ ಕೊಟ್ಟಿಗೆ, ಚರ್ಮ, ಹಣ್ಣಿನ ವಾಸನೆ ಕೊಡತ್ತೆ. ಗಾಳಿ ಜಾಸ್ತಿ ನುಗ್ಗಿದ ಪೀಪಾಯಿ ಮಾತ್ರ ವಿನಿಗರ್ ಆಗತ್ತೆ, ಮೂಗಿಗೆ ಚುರ್ ಅಂದ್ರೆ ಮುಗೀತು, ಅದಕ್ಕೆ ಮದ್ದಿಲ್ಲ.

ಈಗ ಬೆರೆಸೋ ವಿಷಯ. ಮೂರು ವರ್ಷದ ಲಾಂಬಿಕ್‌ನಲ್ಲಿ ರುಚಿ ತುಂಬಿದೆ, ಸಕ್ಕರೆ ಇಲ್ಲ, ಬಾಟಲಿಗೆ ಹಾಕಿದ್ರೆ ನೊರೆ ಬರೋದೇ ಇಲ್ಲ. ಒಂದು ವರ್ಷದ್ದರಲ್ಲಿ ಸಕ್ಕರೆ ಇನ್ನೂ ಇದೆ, ರುಚಿ ಬಲಿತಿಲ್ಲ. ಎರಡನ್ನೂ ಸೇರಿಸಿ ಕಾರ್ಕ್ ಜಡಿದ್ರೆ ಹಳೇದರಲ್ಲಿರೋ ಯೀಸ್ಟಿಗೆ ಎಳೇದರ ಸಕ್ಕರೆ ಸಿಕ್ಕಿ ಬಾಟಲಿ ಒಳಗೇ ಗ್ಯಾಸ್ ಹುಟ್ಟತ್ತೆ, ಅದೇ ಗೊಝ್. ಲೆಕ್ಕಕ್ಕೆ ಹೀಗೆ ಅಂದ್ಕೊಳ್ಳಿ: ನೂರು ಲೀಟರ್ ಬೆರಕೆ ಮಾಡ್ಬೇಕು, ಒಂದು ವರ್ಷದ್ದು 50 ಲೀಟರ್, ಲೀಟರಿಗೆ 20 ಗ್ರಾಂ ತಿನ್ನೋ ಸಕ್ಕರೆ ಉಳಿದಿದೆ. ಎರಡು ವರ್ಷದ್ದು 30 ಲೀಟರ್, ಲೀಟರಿಗೆ 7 ಗ್ರಾಂ. ಮೂರು ವರ್ಷದ್ದು 20 ಲೀಟರ್, ಸಕ್ಕರೆ ಸೊನ್ನೆ. ಒಟ್ಟು 1210 ಗ್ರಾಂ, ಅಂದ್ರೆ ಲೀಟರಿಗೆ 12 ಗ್ರಾಂ ಚಿಲ್ಲರೆ. ಹುದುಗಿದ್ರೆ ಅದರಲ್ಲಿ ಸುಮಾರು ಅರ್ಧ ತೂಕ ಗ್ಯಾಸ್ ಆಗತ್ತೆ, ಲೀಟರಿಗೆ 6 ಗ್ರಾಂ, ಒಳ್ಳೇ ನೊರೆ. ಅದೇ ಆಸೆಗೆ ಬಿದ್ದು ಎಳೇದನ್ನೇ 80 ಲೀಟರ್ ಹಾಕಿ ಉಳಿದ 20 ಮೂರು ವರ್ಷದ್ದು ಹಾಕಿದ್ರೆ 8 ಗ್ರಾಂಗೆ ಏರತ್ತೆ, ಕಾರ್ಕ್ ತೆಗೆದ ತಕ್ಷಣ ಅರ್ಧ ಬಾಟಲಿ ಮೇಜಿನ ಮೇಲೆ. ಅದಕ್ಕೇ ಶಾಂಪೇನ್ ಥರದ ದಪ್ಪ ಬಾಟಲಿ ಬಳಸೋದು.

ಆದ್ರೆ ಬೆರೆಸೋರಿಗೆ ಈ ಲೆಕ್ಕ ಸುಲಭದ ಭಾಗ. ಒಂದೇ ರಾತ್ರಿಯ ಕಷಾಯವನ್ನ ಹತ್ತು ಪೀಪಾಯಿಗೆ ತುಂಬಿದ್ರೂ ಒಂದು ತುಂಬಾ ಹುಳಿ, ಒಂದು ಸಪ್ಪೆ, ಒಂದು ಹೊಗೆ ವಾಸನೆ, ಹೀಗೆ ಹತ್ತು ದಾರಿ. ಗ್ಲಾಸ್ ಹಿಡ್ಕೊಂಡು ಒಂದೊಂದನ್ನೂ ಕುಡಿದು ನೋಡಿ ಯಾವುದಕ್ಕೆ ಯಾವುದು ಜೋಡಿ ಅಂತ ತೀರ್ಮಾನ ಮಾಡ್ಬೇಕು. ಇದೇ ಕಸುಬು ಮಾಡ್ಕೊಂಡು, ತಾವು ಕುದಿಸದೆ ಬೇರೆಯವರ ಲಾಂಬಿಕ್ ತಂದು ಬೆರೆಸೋ ಮನೆಗಳೇ ಇಲ್ಲಿವೆ, ಬ್ಯಾರ್ಗ್ ಊರಿನ ತಿಲ್ಕ್ಯಾಂ ಹೀಗೇ ಶುರುವಾದದ್ದು.

ಅಂಗಡಿಲಿ ಕೊಳ್ಳೋವಾಗ ಲೇಬಲ್ ಮೇಲೆ 'ಔಡೆ' ಅಥವಾ 'ವಿಯೆಯ್' ಇದೆಯಾ ನೋಡಿ. ಗೊಝ್ ಮೇಲೆ ಆ ಪದ ಹಾಕ್ಬೇಕಂದ್ರೆ ಬೆರಕೆಯ ಸರಾಸರಿ ವಯಸ್ಸು ಕನಿಷ್ಠ ಒಂದು ವರ್ಷ, ಅದರಲ್ಲಿ ಅತಿ ಹಳೇದಕ್ಕೆ ಕನಿಷ್ಠ ಮೂರು ವರ್ಷ ಆಗಿರ್ಬೇಕು ಅಂತ ಯುರೋಪಿಯನ್ ಯೂನಿಯನ್ ನಿಯಮ ಇದೆ. ಮೇಲಿನ ನಮ್ಮ ಬೆರಕೆ ಸರಾಸರಿ 1.7 ವರ್ಷ, ಪಾಸು. ಆ ಪದ ಇಲ್ಲದೇ ಇರೋ ಎಷ್ಟೋ ಬಾಟಲಿಗಳು ಸಿಹಿ ಮಾಡಿದವು, ಮೊದಲ ಸಲಕ್ಕೆ ಅದೇ ಹಿತ ಅನಿಸಿದ್ರೆ ನಾಚ್ಕೋಬೇಡಿ, ಕುಡೀರಿ. ಪಬ್ಬಲ್ಲಿ ಜಗ್ಗಿನಲ್ಲಿ ನೊರೆಯೇ ಇಲ್ಲದ ಲಾಂಬಿಕ್ ಕೊಟ್ರೆ ಅದು ಬೆರೆಸದೇ ಇರೋದು, ಗ್ಯಾಸ್ ಹೋಗಿದೆ ಅಂತ ವಾಪಸ್ ಕಳಿಸ್ಬೇಡಿ.

ಮನೇಲಿ ಬಾಟಲಿನ ತಂಪಾದ ಕತ್ತಲೆ ನೆಲಮಾಳಿಗೆಲಿ ಮಲಗಿಸಿಡಿ, ಹೀಟರ್ ಪಕ್ಕ ಬೇಡ. ಕುಡಿಯೋ ದಿನ ಮಲಗಿದ್ದ ಹಾಗೇ ಎತ್ತಿ, ಬುಟ್ಟಿ ಇದ್ರೆ ಬುಟ್ಟಿಲಿಟ್ಟು ಓರೆಯಾಗೇ ಬಗ್ಗಿಸಿ, ಇಲ್ಲಾಂದ್ರೆ ತಳದ ಗಷ್ಟು ಎಲ್ಲ ಕದಡಿ ಮೊದಲ ಗ್ಲಾಸಿಗೇ ಬರತ್ತೆ.